ಆ ನಾಲ್ಕು ದಿನ ಮರಳಿ ಬಂದದ್ದು ಯಾವ ಆತಂಕ?

*ಸಂಪಾದಕರೇ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ತಮ್ಮನಿಗೆ 26 ವರ್ಷ. ಮೊದಲಿನಿಂದಲೂ ಅಳುಕಿನ ಹುಡುಗ. ಎರಡು ವರ್ಷದ ಹಿಂದೆ ಶನಿವಾರಕ್ಕೊಮ್ಮೆ ಗಾಂಜಾ ಸೇದುತ್ತಿದ್ದವನು ಈಗ ದಿನಾ ರಾತ್ರಿ ಸೇದುತ್ತಾನೆ. ಹಬ್ಬಕ್ಕೆ ಬಂದಾಗ ನಾಲ್ಕು ದಿನ ಬಿಟ್ಟಿದ್ದ. ನಿದ್ದೆಯಿಲ್ಲ, ಊಟ ಸೇರಲಿಲ್ಲ, ಮೈಯೆಲ್ಲ ಬೆವರು, ಎಲ್ಲರ ಮೇಲೂ ಸಿಡುಕು. "ನೋಡಕ್ಕಾ, ಬಿಟ್ಟರೆ ನನ್ನ ಟೆನ್ಷನ್ ವಾಪಸ್ ಬರುತ್ತೆ. ಇದೇ ನನಗೆ ಔಷಧಿ. ಗಿಡದಿಂದ ಬಂದದ್ದು, ಸಾಧುಗಳೂ ಸೇದ್ತಾರೆ" ಅಂತಾನೆ. ನನಗೆ ನಿದ್ದೆ ಬಾರದಾಗ ಮೆಡಿಕಲ್ ಶಾಪಿನವರು ಕೊಡುವ ಅಲ್ಪ್ರಜೋಲಾಮ್ ಅರ್ಧ ಮಾತ್ರೆ ನುಂಗುತ್ತೇನೆ. "ನಂದು ಔಷಧಿ, ನಿಂದು ನಶೆ" ಎಂದರೆ ನಗುತ್ತಾನೆ. ಅವನಿಗೆ ಏನು ಹೇಳಲಿ?*
*— ಓದುಗರೊಬ್ಬರು, ದಾವಣಗೆರೆ*

ಮೊದಲು ಅವನನ್ನು ಒಂದೇ ಒಂದು ಪ್ರಶ್ನೆ ಕೇಳಿ: ಗಾಂಜಾ ಮುಟ್ಟುವ ಮುಂಚೆ, ಕಾಲೇಜಿನಲ್ಲಿದ್ದಾಗ, ಅವನ ಅಳುಕು ಹೀಗೇ ಇತ್ತೇ? ವೇದಿಕೆ ಹತ್ತಲು ಹೆದರುತ್ತಿದ್ದಿರಬಹುದು, ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟಿರಬಹುದು. ಆದರೆ ಹಬ್ಬದ ಊಟ ಎದುರಿಗಿಟ್ಟರೂ ತುತ್ತು ಇಳಿಯದೆ, ರಾತ್ರಿ ಅಂಗಿ ಒದ್ದೆಯಾಗುವಷ್ಟು ಬೆವರಿ, ಮನೆಯವರ ಮೇಲೆಲ್ಲ ಹರಿಹಾಯ್ದದ್ದು ಉಂಟೇ? ನೀವು ಬರೆದಿರುವ ಪಟ್ಟಿ ಅಳುಕಿನ ಪಟ್ಟಿಯಲ್ಲ. ದಿನವೂ ಗಾಂಜಾ ಸೇದುವವರು ಬಿಟ್ಟಾಗ ಆಗುವ ತೊಂದರೆಗಳ ಪಟ್ಟಿ ಅದು, ಮನೋವೈದ್ಯರ ಕೈಪಿಡಿಯಿಂದ ಎತ್ತಿ ಬರೆದಂತಿದೆ. ಅಮೆರಿಕದ ಮನೋವೈದ್ಯರು 2013ರಲ್ಲಿ ತಮ್ಮ ಕೈಪಿಡಿಯನ್ನು ಪರಿಷ್ಕರಿಸಿದಾಗ ಇದಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟರು. ಅಲ್ಲಿಯವರೆಗೆ "ಗಾಂಜಾ ಬಿಟ್ಟರೆ ಏನೂ ಆಗುವುದಿಲ್ಲ" ಎಂಬ ನಂಬಿಕೆ ವೈದ್ಯರಲ್ಲೂ ಇತ್ತು.

ಇದಕ್ಕೆ ಒಂದು ವೇಳಾಪಟ್ಟಿಯೂ ಇದೆ. ಬಿಟ್ಟ ಒಂದರಿಂದ ಮೂರು ದಿನದೊಳಗೆ ಶುರುವಾಗುತ್ತದೆ, ಮೊದಲ ವಾರದಲ್ಲಿ ಅತಿ ಜೋರಾಗಿರುತ್ತದೆ, ಎರಡು ವಾರ ಕಳೆಯುವಷ್ಟರಲ್ಲಿ ಬಹುಪಾಲು ಇಳಿಯುತ್ತದೆ. ನಿದ್ದೆ ಮತ್ತು ವಿಚಿತ್ರ ಕನಸುಗಳು ಮಾತ್ರ ಇನ್ನಷ್ಟು ದಿನ ಕಾಡಬಹುದು. ನಿಮ್ಮ ತಮ್ಮ ಬಿಟ್ಟದ್ದು ನಾಲ್ಕು ದಿನ. ಏರು ಮುಗಿಯುವ ಮೊದಲೇ ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಸೇದಿದ, ಅರ್ಧ ಗಂಟೆಯಲ್ಲಿ ಎಲ್ಲವೂ ತಣ್ಣಗಾಯಿತು, "ಇದೇ ಔಷಧಿ" ಎಂದು ಖಾತ್ರಿಯೂ ಆಯಿತು. ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ಸಿಕ್ಕ ಸಮಾಧಾನ ನಿಜವೇ. ಆದರೆ ಗಾಂಜಾ ತಣಿಸಿದ್ದು ತಾನೇ ಹಚ್ಚಿದ ಉರಿಯನ್ನು.

ಹೀಗೇಕೆ ಆಗುತ್ತದೆ? ನಮ್ಮ ಮೆದುಳು ಗಾಂಜಾದಲ್ಲಿ ನಶೆ ಏರಿಸುವ ಅಂಶವಾದ ಟಿಎಚ್‌ಸಿಯನ್ನು ಹೋಲುವ ರಾಸಾಯನಿಕಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ನರಕೋಶಗಳು ಒಂದಕ್ಕೊಂದು ಕಳಿಸುವ ಸಂದೇಶ ಮಿತಿಮೀರಿದಾಗ ಅದಕ್ಕೆ ಬ್ರೇಕ್ ಹಾಕುವುದು ಇವುಗಳ ಕೆಲಸ, ಅದೂ ಬೇಕಾದ ಜಾಗದಲ್ಲಿ, ಬೇಕಾದಷ್ಟು ಹೊತ್ತು ಮಾತ್ರ. ಟಿಎಚ್‌ಸಿ ಬಂದರೆ ಎಲ್ಲ ಕಡೆಯ ಬ್ರೇಕನ್ನೂ ಒಟ್ಟಿಗೆ, ಗಂಟೆಗಟ್ಟಲೆ ಒತ್ತಿ ಹಿಡಿಯುತ್ತದೆ. ದಿನಾ ಹೀಗಾದರೆ ಮೆದುಳು ಆ ರಾಸಾಯನಿಕ ಬಂದು ಕೂರುವ ಗ್ರಾಹಕಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಆಮೇಲೆ ಗಾಂಜಾ ಇಲ್ಲದ ಹೊತ್ತಿನಲ್ಲಿ ಸ್ವಂತ ಬ್ರೇಕು ಸಾಲುವುದಿಲ್ಲ. ಮ್ಯಾನೇಜರ್ ಒಂದು ಸಾಲಿನ ಮೆಸೇಜ್ ಕಳಿಸಿದರೂ ಎದೆ ಹೊಡೆದುಕೊಳ್ಳುತ್ತದೆ. ದಿನನಿತ್ಯ ಸೇದುವವರ ಮೆದುಳಿನ ಸ್ಕ್ಯಾನ್‌ಗಳಲ್ಲಿ ಈ ಇಳಿಕೆ ಕಂಡಿದೆ. ಬಿಟ್ಟ ಎರಡೇ ದಿನದಲ್ಲಿ ಚೇತರಿಕೆ ಶುರುವಾಗಿ ಸುಮಾರು ನಾಲ್ಕು ವಾರದಲ್ಲಿ ಬಹುತೇಕ ಸರಿಹೋದದ್ದೂ ಕಂಡಿದೆ. ಹಾಗಾಗಿ ಗಾಂಜಾ ಇಲ್ಲದೆ ತಾನು ಹೇಗಿರುತ್ತೇನೆ ಎಂಬುದು ಅವನಿಗೆ ತಿಳಿಯಬೇಕಾದರೆ ನಾಲ್ಕು ದಿನ ಸಾಲದು, ನಾಲ್ಕು ವಾರ ಬೇಕು.

ನ್ಯಾಯವಾಗಿ ಅವನ ಕಡೆಯಿಂದಲೂ ಒಂದು ಮಾತು. ಶನಿವಾರದ ದಿನಗಳಲ್ಲಿ ಅದು ಮನಸ್ಸನ್ನು ಹಗುರ ಮಾಡಿತ್ತು ಎಂದರೆ ನಂಬಬೇಕು. ಷಿಕಾಗೊದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 42 ಮಂದಿಗೆ ಕ್ಯಾಪ್ಸೂಲ್ ಕೊಟ್ಟು, ಅಪರಿಚಿತರ ಎದುರು ಮಾತನಾಡಿಸಿ, ಲೆಕ್ಕ ಮಾಡಿಸಿ ಇಕ್ಕಟ್ಟಿಗೆ ಸಿಲುಕಿಸಿದರು. 7.5 ಮಿಲಿಗ್ರಾಂ ಟಿಎಚ್‌ಸಿ ನುಂಗಿದವರ ಒತ್ತಡ ತುಸು ಬೇಗ ಇಳಿಯಿತು. 12.5 ಮಿಲಿಗ್ರಾಂ ನುಂಗಿದವರು ಪರೀಕ್ಷೆಗೆ ಮೊದಲೂ ಪರೀಕ್ಷೆಯ ಹೊತ್ತಿನಲ್ಲೂ ಹೆಚ್ಚು ಕಳವಳಗೊಂಡರು. ಸಮಾಧಾನಕ್ಕೂ ಕಳವಳಕ್ಕೂ ನಡುವೆ ಇದ್ದದ್ದು 5 ಮಿಲಿಗ್ರಾಂ.

ಈ ಅಂತರವನ್ನು ಪ್ರಯೋಗಾಲಯದಲ್ಲಿ ತೂಗಬಹುದು, ಪೇಪರಿನಲ್ಲಿ ಸುರುಳಿ ಸುತ್ತುವವನು ಹೇಗೆ ತೂಗುತ್ತಾನೆ? ಅರ್ಧ ಗ್ರಾಂ ಹೂವಿನಲ್ಲಿ ಟಿಎಚ್‌ಸಿ ಶೇ 4 ಇದ್ದರೆ ಒಟ್ಟು 20 ಮಿಲಿಗ್ರಾಂ, ಶೇ 12 ಇದ್ದರೆ 60. ಅಮೆರಿಕದಲ್ಲಿ ಪೊಲೀಸರು ಹಿಡಿದ ಮಾಲಿನ ಸರಾಸರಿ ಸತ್ವ 1995ರಲ್ಲಿ ಸುಮಾರು ಶೇ 4 ಇದ್ದದ್ದು 2014ರ ಹೊತ್ತಿಗೆ ಶೇ 12ಕ್ಕೆ ಏರಿತ್ತು. ಸೇದಿದಾಗ ಅದರಲ್ಲೊಂದು ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ, ಆ ಪಾಲು ಎಷ್ಟು ಎಂಬುದು ಎಳೆಯುವ ದಮ್ಮಿನ ಮೇಲೆ ಹೋಗುತ್ತದೆ. ಹೊಗೆ ಒಳಹೋದ ಕೆಲವೇ ನಿಮಿಷದಲ್ಲಿ ನಾಡಿಬಡಿತ ನಿಮಿಷಕ್ಕೆ 20ರಿಂದ 50ರಷ್ಟು ಏರಬಹುದು. ಸಾಮಾನ್ಯ ಮನುಷ್ಯ ಅದನ್ನು ಗಮನಿಸುವುದಿಲ್ಲ. ಅಳುಕಿನವನು ತನ್ನ ಎದೆಬಡಿತವನ್ನೇ ಕಿವಿಗೊಟ್ಟು ಕೇಳುವವನು. ಹಾರ್ಟ್ ಅಟ್ಯಾಕ್ ಎಂದುಕೊಳ್ಳುತ್ತಾನೆ, ಆ ಭಯಕ್ಕೆ ಬಡಿತ ಇನ್ನೂ ಏರುತ್ತದೆ. ತಿನ್ನುವ ರೂಪದಲ್ಲಿ ಅಪಾಯ ಇನ್ನೂ ಹೆಚ್ಚು. ಭಂಗಿಯೋ ಗಾಂಜಾ ಬ್ರೌನಿಯೋ ತಲೆಗೇರಲು ಅರ್ಧದಿಂದ ಎರಡು ಗಂಟೆ ಬೇಕು. ಮುಕ್ಕಾಲು ಗಂಟೆಯಾದರೂ ಏನೂ ಆಗಲಿಲ್ಲವೆಂದು ಎರಡನೇ ತುಂಡು ಬಾಯಿಗೆ ಹಾಕಿಕೊಂಡವರೇ ನಡುರಾತ್ರಿ ಎಮರ್ಜೆನ್ಸಿ ವಾರ್ಡಿಗೆ ಬರುವುದು.

ಸಾಧುಗಳ ಮಾತಿಗೆ ಬರೋಣ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿದ್ದ ಸಂಪ್ರದಾಯ ನಮ್ಮದೇ ನಾಡಿನದು, ಅದನ್ನು ಹೀಗಳೆಯುವ ಇಚ್ಛೆ ನಮಗಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ಹೂವಿನ ತುದಿಯನ್ನು ಗಾಂಜಾ ಎಂದು ನಿಷೇಧಿಸಿ ಬರಿಯ ಎಲೆಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. ಸೇದುವ ಹುಡುಗನನ್ನು ಜೈಲಿಗೆ ಅಟ್ಟಿದರೆ ಅವನ ಆತಂಕ ಕಡಿಮೆಯಾಗುವುದಿಲ್ಲ ಎಂಬುದನ್ನೂ ಒಪ್ಪುತ್ತೇವೆ. ಆದರೆ ಸಾಧುವಿಗೆ ಬೆಳಿಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡ್‌ಅಪ್ ಮೀಟಿಂಗ್ ಇರುವುದಿಲ್ಲ.

ಇನ್ನು ನೀವು. ತಮ್ಮ ನಕ್ಕದ್ದರಲ್ಲಿ ತಪ್ಪಿಲ್ಲ, ಅಮ್ಮಾ. ಅಲ್ಪ್ರಜೋಲಾಮ್ ಕೆಲಸ ಮಾಡುವುದು ಮೆದುಳಿನ ಬೇರೆ ಗ್ರಾಹಕಗಳ ಮೇಲೆ, ಆದರೆ ಸುಳಿ ಅದೇ. ಸುಮಾರು 11 ಗಂಟೆಯಲ್ಲಿ ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ವಾರಗಟ್ಟಲೆ ರಾತ್ರಿ ತೆಗೆದುಕೊಂಡವರಿಗೆ ಮರುದಿನ ಮಧ್ಯಾಹ್ನ ಕಾರಣವಿಲ್ಲದೆ ಕೈ ನಡುಗಿ, ಮನಸ್ಸು ಕಳವಳಿಸಿ, ಇನ್ನೊಂದು ಚೂರು ಬೇಕೆನಿಸುವುದು ಅದಕ್ಕೇ. ತಿಂಗಳಿಗೆ ಎರಡು ಮೂರು ಸಲವಾದರೆ ಮಾತು ಬೇರೆ. ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ದಿನವೂ ನುಂಗಿದ್ದರೆ ಈ ಉತ್ತರ ಓದಿ ಇವತ್ತೇ ನಿಲ್ಲಿಸಬೇಡಿ. ಗಾಂಜಾವನ್ನು ಒಮ್ಮೆಲೇ ಬಿಟ್ಟರೆ ಸಂಕಟವಾಗುತ್ತದೆ, ಸಾಮಾನ್ಯವಾಗಿ ಪ್ರಾಣಕ್ಕೆ ಕುತ್ತಿಲ್ಲ. ಅಲ್ಪ್ರಜೋಲಾಮನ್ನೋ ದಿನವೂ ಕುಡಿಯುವ ಮದ್ಯವನ್ನೋ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ವೈದ್ಯರ ಕಣ್ಗಾವಲಿನಲ್ಲಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ 5ರಿಂದ 10ರಷ್ಟು ಇಳಿಸುತ್ತ ಹೋಗುವುದು ಕ್ರಮ. ತಮ್ಮ ಗಾಂಜಾ ಬಿಡುವಾಗ ಮರುಕದಿಂದ ನಿಮ್ಮ ಸ್ಟ್ರಿಪ್ಪನ್ನು ಅವನ ಕೈಗೆ ಕೊಟ್ಟೀರಿ, ಜೋಕೆ.

ಅವನಿಗೆ ಉಪದೇಶ ಬೇಡ, ಲೆಕ್ಕ ಬರೆಯಲು ಹೇಳಿ. ಸೇದುತ್ತಿರುವಾಗಲೇ ಒಂದು ವಾರ, ಬೆಳಿಗ್ಗೆ ಹತ್ತು, ಸಂಜೆ ಆರು, ರಾತ್ರಿ ಸೇದುವ ಮುನ್ನ, ಹೀಗೆ ದಿನಕ್ಕೆ ಮೂರು ಸಲ ಆತಂಕಕ್ಕೆ 0ಯಿಂದ 10ರವರೆಗೆ ಅಂಕ ಕೊಡಲಿ. ಆಫೀಸಿನ ಕೆಲಸ ಮುಗಿದ ಮೇಲೂ ಅಂಕ ಏರುತ್ತಲೇ ಹೋಗಿ, ಸೇದುವ ಹೊತ್ತಿಗೆ ತುದಿ ಮುಟ್ಟುತ್ತಿದ್ದರೆ ಅದು ಕೆಲಸದ ಒತ್ತಡವಲ್ಲ ಎಂಬುದು ಅವನ ಕೈಬರಹದಲ್ಲೇ ಕಾಣುತ್ತದೆ. ಪ್ರಾಜೆಕ್ಟ್ ರಿಲೀಸ್ ಇಲ್ಲದ ತಿಂಗಳು ನೋಡಿ, ವಾರಕ್ಕೆ ಕಾಲುಭಾಗದಂತೆ ಹೂವು ಕಡಿಮೆ ಮಾಡುತ್ತ ಬರಲಿ. ನಮ್ಮಲ್ಲಿ ಬಹಳ ಮಂದಿ ಗಾಂಜಾಕ್ಕೆ ಸಿಗರೇಟಿನ ತಂಬಾಕು ಬೆರೆಸುತ್ತಾರೆ. ಅವನೂ ಬೆರೆಸುತ್ತಿದ್ದರೆ ನಿಕೋಟಿನ್ನಿನ ಚಡಪಡಿಕೆಯೂ ಜೊತೆಗೂಡುತ್ತದೆ, ಅದಕ್ಕೆ ನಿಕೋಟಿನ್ ಗಮ್ ಬಗ್ಗೆ ವೈದ್ಯರನ್ನು ಕೇಳಲಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಪೂರ್ತಿ ಬಿಟ್ಟ ಮೊದಲ ವಾರದ ಅಂಕ ನೋಡಿ ಏನನ್ನೂ ತೀರ್ಮಾನಿಸದಿರಲಿ. ನಾಲ್ಕನೇ ವಾರದ್ದನ್ನು ಮೊದಲಿನ ಪುಟದ ಪಕ್ಕ ಇಟ್ಟು ನೋಡಲಿ. ಆಗಲೂ ಉಳಿದಿರುವ ಅಳುಕೇ ಅವನ ಸ್ವಂತದ್ದು. ಅದಕ್ಕೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ, ಎರಡರಿಂದ ಆರು ವಾರದಲ್ಲಿ ನಿಧಾನವಾಗಿ ಹಿಡಿಯುವ ಮಾತ್ರೆಗಳಿವೆ. ಆದರೆ ಯಾರೋ ಹಿಂಬಾಲಿಸುತ್ತಿದ್ದಾರೆ ಎನಿಸುವುದು, ಇಲ್ಲದ ಧ್ವನಿ ಕೇಳುವುದು, ಸಾಯುವ ಯೋಚನೆ, ಇವುಗಳಲ್ಲಿ ಯಾವುದೇ ಇದ್ದರೂ ನಾಲ್ಕು ವಾರ ಕಾಯದೆ ಕೂಡಲೇ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ನಿಧಾನವಾಗಿ ಹಿಡಿಯುವುದನ್ನು ಕೊಳ್ಳುವವರಿಲ್ಲ, ಅದೇ ನಮ್ಮ ಕೊರಗು. ನಮ್ಮ ಗೋಡೆಗಳ ಮೇಲೆ ದಶಕಗಳಿಂದ "ನರ ದೌರ್ಬಲ್ಯಕ್ಕೆ ಶೀಘ್ರ ಪರಿಹಾರ" ರಾರಾಜಿಸುತ್ತಿತ್ತು. ಈಗ ಅದೇ ಭರವಸೆ ಗಾಜಿನ ಬಾಟಲಿಯಲ್ಲಿ ಸಿಬಿಡಿ ಎಣ್ಣೆಯಾಗಿ ಆನ್‌ಲೈನಿನಲ್ಲಿ ಬರುತ್ತಿದೆ. ಸಿಬಿಡಿ ಗಾಂಜಾ ಗಿಡದ್ದೇ ಆದರೂ ನಶೆ ಏರಿಸದ ಅಂಶ, ಅದರಲ್ಲಿ ಸತ್ವವಿಲ್ಲವೆಂದಲ್ಲ. ಬ್ರೆಜಿಲ್‌ನ ಪ್ರಯೋಗವೊಂದರಲ್ಲಿ ಭಾಷಣದ ಅಳುಕನ್ನು ಇಳಿಸಿದ್ದು 300 ಮಿಲಿಗ್ರಾಂ. 150 ಸಾಲಲಿಲ್ಲ, 600ರಿಂದಲೂ ಪ್ರಯೋಜನವಾಗಲಿಲ್ಲ. ಜಾಹೀರಾತಿನವರು ಹೇಳುವುದು ನಾಲಿಗೆಯಡಿ ನಾಲ್ಕು ಹನಿ. ಅಮೆರಿಕದಲ್ಲಿ ಆನ್‌ಲೈನಿನಿಂದ ತರಿಸಿದ 84 ಸಿಬಿಡಿ ಉತ್ಪನ್ನಗಳನ್ನು 2017ರಲ್ಲಿ ಪರೀಕ್ಷಿಸಿದಾಗ ಲೇಬಲ್ಲಿಗೆ ತಾಳೆಯಾದವು ಶೇ 31 ಮಾತ್ರ, 18ರಲ್ಲಿ ಟಿಎಚ್‌ಸಿ ಇತ್ತು. ಆತಂಕಕ್ಕೆಂದು ಕೊಂಡ ಬಾಟಲಿಯಲ್ಲಿ ಆತಂಕ ಹೆಚ್ಚಿಸುವ ಅಂಶವೂ ಸೇರಿತ್ತು.

ಇನ್ನು ನಿಮ್ಮ ಮೆಡಿಕಲ್ ಶಾಪಿನವರು. ಅಲ್ಪ್ರಜೋಲಾಮ್ ಎಚ್1 ಪಟ್ಟಿಯ ಔಷಧ. ಚೀಟಿ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಮೂರನ್ನೂ ಬರೆದು ಆ ರಿಜಿಸ್ಟರನ್ನು ಮೂರು ವರ್ಷ ಕಾಯ್ದಿರಿಸಬೇಕೆಂಬ ನಿಯಮವಿದೆ. ಮುಂದಿನ ಸಲ ಹೋದಾಗ, ನನ್ನ ಹೆಸರಿನ ಎದುರು ಯಾವ ವೈದ್ಯರ ಹೆಸರು ಬರೆದಿದ್ದೀರಿ ಎಂದು ಅವರನ್ನೊಮ್ಮೆ ಕೇಳಿ.