ಪ್ರಮೋಷನ್ ಆದವರಿಗೆ ಶುಭಾಶಯ, ನಿಂತ ಆರ್ಡರ್‌ಗೆ ಒಂದು ಸಾಲು

ಓದುಗರ ಪತ್ರ:

ಸಂಪಾದಕರೇ, ನನ್ನದು ತುಮಕೂರಿನ ಹತ್ತಿರ ಸಣ್ಣ ಕೊರಗೇಟೆಡ್ ಬಾಕ್ಸ್ ಫ್ಯಾಕ್ಟರಿ. ಬೆಂಗಳೂರಿನ ಒಂದು ತಿಂಡಿ ಕಂಪನಿಗೆ ತಿಂಗಳಿಗೆ 20,000 ಬಾಕ್ಸ್, 5 ಪ್ಲೈ, ಒಂದಕ್ಕೆ 38 ರೂಪಾಯಿ ಅಂತ 2025ರ ಆಗಸ್ಟ್‌ನಲ್ಲಿ ಕೊಟೇಶನ್ ಕೊಟ್ಟಿದ್ದೆ. ಮೊದಲ ಸ್ಯಾಂಪಲ್ ಫೇಲಾಯಿತು. ಅಲ್ಲಿನ ಪರ್ಚೇಸ್ ಮ್ಯಾನೇಜರ್ ನನ್ನನ್ನು ಗೋಡೌನ್‌ಗೇ ಕರೆದುಕೊಂಡು ಹೋಗಿ ತಪ್ಪು ತೋರಿಸಿದರು. ಎರಡನೇ ಸ್ಯಾಂಪಲ್ ಪಾಸಾಯಿತು. ಅಕೌಂಟ್ಸ್‌ನವರು ಉದ್ಯಮ್ ಸರ್ಟಿಫಿಕೇಟ್ ಕೇಳಿದರು, ಕಳಿಸಿದೆ. ಅವರು 90 ದಿನದ ಕ್ರೆಡಿಟ್ ಕೇಳಿದ್ದರು, ನಾನು 45 ಅಂದಿದ್ದೆ. ಆಮೇಲೆ ‘ಮ್ಯಾನೇಜ್‌ಮೆಂಟ್ ಅಪ್ರೂವಲ್‌ಗೆ ಹೋಗಿದೆ’ ಅಂದರು, ಅಷ್ಟೇ. ತಿಂಗಳುಗಳೇ ಕಳೆದವು. ಮೊನ್ನೆ ಅದೇ ಮ್ಯಾನೇಜರ್‌ಗೆ ಪ್ರಮೋಷನ್ ಆಯಿತು, ಇಡೀ ಕಂಪನಿಯ ಖರೀದಿಗೇ ಮುಖ್ಯಸ್ಥರು ಅಂತ ಲಿಂಕ್ಡ್‌ಇನ್‌ನಲ್ಲಿ ನೋಡಿದೆ. ಶುಭಾಶಯ ಹೇಳಬೇಕು, ಆರ್ಡರ್ ವಿಷಯವೂ ಎತ್ತಬೇಕು. ಎರಡೂ ಒಂದೇ ಪತ್ರದಲ್ಲಿ ಬರೆದರೆ ಚೀಪ್ ಆಗುತ್ತದಾ?
– ಒಬ್ಬ ಓದುಗರು, ತುಮಕೂರು

ಸಂಪಾದಕರ ಉತ್ತರ:

ಒಂದೇ ಪತ್ರದಲ್ಲಿ ಬರೆಯಿರಿ. ಬೇರೆ ಬೇರೆ ಬರೆಯಬೇಕು ಅಂತ ಹೇಳುವವರು ಜಾಸ್ತಿ. ನನಗೆ ಅದು ಸರಿ ಕಾಣುವುದಿಲ್ಲ. ಇಷ್ಟು ತಿಂಗಳು ಮಾತಿಲ್ಲದೆ ಇದ್ದು ಇವತ್ತು ಬರೀ ಶುಭಾಶಯ, ನಾಲ್ಕನೇ ದಿನ ಕೊಟೇಶನ್ ಕಳಿಸಿದರೆ ಮೊದಲನೆಯದು ಗಾಳಕ್ಕೆ ಸಿಕ್ಕಿಸಿದ ಎರೆಹುಳ ಆಗಿಬಿಡುತ್ತದೆ. ಪರ್ಚೇಸ್‌ನಲ್ಲಿ ಕೂತವರಿಗೆ ಇದು ಗೊತ್ತಾಗದೇ ಇರುತ್ತದಾ? ಬಾಕಿ ವಿಷಯ ಇದೆ ಅಂತ ಇಬ್ಬರಿಗೂ ಗೊತ್ತು. ಅದನ್ನು ಮುಚ್ಚಿಟ್ಟರೇ ಚೀಪ್.

ಆದರೆ ಪತ್ರಕ್ಕೆ ಕೈ ಹಾಕುವ ಮೊದಲು ಫೈಲ್ ಎಲ್ಲಿ ನಿಂತಿದೆ ಅಂತ ನೋಡೋಣ. ನಿಮ್ಮ ಪತ್ರದಲ್ಲೇ ಸುಳಿವಿದೆ. ಕೊನೆಯ ಪ್ರಶ್ನೆ ಬಂದದ್ದು ಸ್ಯಾಂಪಲ್ ನೋಡಿದವರಿಂದಲ್ಲ, ಅಕೌಂಟ್ಸ್‌ನಿಂದ. ಕೇಳಿದ್ದು ನಿಮ್ಮದು ಸಣ್ಣ ಉದ್ದಿಮೆ ಅಂತ ತೋರಿಸುವ ಉದ್ಯಮ್ ಸರ್ಟಿಫಿಕೇಟ್. ನಿಮ್ಮಂಥ ಸಣ್ಣ ಘಟಕಕ್ಕೆ ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಅದನ್ನು ಬಹಳ ಜನ ತಲೆಗೆ ಹಚ್ಚಿಕೊಂಡಿರಲಿಲ್ಲ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಹೊಸ ನಿಯಮ ಬಂತು. ಗಡುವು ಮೀರಿದ ಬಿಲ್ ಮಾರ್ಚ್ 31ಕ್ಕೆ ಬಾಕಿ ಉಳಿದರೆ ಕಂಪನಿ ಅದನ್ನು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬೇಕು. ಅಂದರೆ ಆ ವರ್ಷ ತೆರಿಗೆ ಜಾಸ್ತಿ. ಆಮೇಲೆ ಅಕೌಂಟ್ಸ್‌ನವರು ಈ ಸರ್ಟಿಫಿಕೇಟನ್ನು ಹುಷಾರಾಗಿ ನೋಡತೊಡಗಿದರು.

ಹಾಗಾಗಿ ನನ್ನ ಅಂದಾಜು ಇಷ್ಟು: ನಿಮ್ಮ ಬಾಕ್ಸ್‌ಗೂ ಬೆಲೆಗೂ ಯಾರ ತಕರಾರೂ ಇಲ್ಲ. 90 ದಿನಕ್ಕೆ ಹೊಂದಿಕೊಂಡ ಕಂಪನಿಗೆ 45 ದಿನದ ಸಪ್ಲೈಯರ್ ಬೇಕಾ ಅನ್ನುವಲ್ಲಿ ಫೈಲ್ ಕೂತಿದೆ. ಆ ಮ್ಯಾನೇಜರ್ ಆಗ ಇದನ್ನು ತೀರ್ಮಾನ ಮಾಡುವ ಜಾಗದಲ್ಲಿ ಇರಲಿಲ್ಲ. ಈಗ ಇರಬಹುದು. ಆದರೆ ಬಾಕ್ಸ್ ಖರೀದಿ ಅವರ ಮೇಜಿನಿಂದ ಬೇರೆಯವರ ಮೇಜಿಗೆ ಹೋಗಿರುತ್ತದೆ. ಪ್ರಮೋಷನ್ ಆದವರಿಗೆ ಬರೆಯುವವರು ಮರೆಯುವುದು ಇದನ್ನೇ. ನಿಮ್ಮ ಪರಿಚಯದ ಮನುಷ್ಯ ಮೇಲೆ ಹೋದರು, ನಿಮ್ಮ ಫೈಲ್ ಕೆಳಗೇ ಉಳಿಯಿತು.

ಆದ್ದರಿಂದ ಅವರನ್ನು ಆರ್ಡರ್ ಕೇಳಬೇಡಿ, ಹೆಸರು ಕೇಳಿ. ಪ್ಯಾಕಿಂಗ್ ಮೆಟೀರಿಯಲ್ ಈಗ ಯಾರು ನೋಡುತ್ತಾರೆ ಅಂತ, ಅಷ್ಟೇ. ಅದಕ್ಕೆ ಉತ್ತರ ಕೊಡಲು ಅವರಿಗೆ ಅರ್ಧ ನಿಮಿಷ ಸಾಕು, ಯಾರ ಒಪ್ಪಿಗೆಯೂ ಬೇಡ.

ಇನ್ನು ಹಳೇ ವಿಷಯ ಎತ್ತಲು ಒಂದು ನೆಪ ಬೇಕಲ್ಲ? ಅದು ನಿಮ್ಮ ಹತ್ತಿರ ಆಗಲೇ ಇದೆ. 2025ರ ಸೆಪ್ಟೆಂಬರ್ 22ರಿಂದ ಕೊರಗೇಟೆಡ್ ಬಾಕ್ಸ್ ಮೇಲಿನ ಜಿಎಸ್‌ಟಿ 12%ನಿಂದ 5%ಗೆ ಇಳಿಯಿತು. ನಿಮ್ಮದು ಆಗಸ್ಟ್ ಕೊಟೇಶನ್, ಅದರಲ್ಲಿ 12% ಇರುತ್ತದೆ. ಅಂದರೆ ಆ ಕಾಗದ ಹೇಗೂ ಬದಲಾಗಲೇಬೇಕು. ‘ಸುಮ್ನೆ ನೆನಪಿಸೋಣ ಅಂತ’ ಎಂದು ಬರೆಯುವುದಕ್ಕಿಂತ ‘ಕೊಟ್ಟ ಕೊಟೇಶನ್ ಈಗ ತಪ್ಪಾಗಿದೆ, ಸರಿ ಮಾಡಿ ಕೊಡಬೇಕು’ ಅನ್ನುವುದು ಎಷ್ಟೋ ಗೌರವ.

ಪತ್ರ ನಾನಾದರೆ ಹೀಗೆ ಬರೆಯುತ್ತೇನೆ. ನೀವಿಬ್ಬರೂ ಫೋನಿನಲ್ಲಿ ಕನ್ನಡದಲ್ಲೇ ಮಾತಾಡುವವರಾದರೆ ಇದೂ ಕನ್ನಡದಲ್ಲೇ ಇರಲಿ, ವಾಟ್ಸಾಪ್ ಆದರೂ ನಡೆಯುತ್ತದೆ:

“ಸರ್, ನಮಸ್ಕಾರ. ನಿಮಗೆ ಪ್ರಮೋಷನ್ ಆದ ಸುದ್ದಿ ನೋಡಿ ಖುಷಿಯಾಯಿತು. ನಮ್ಮ ಮೊದಲ ಸ್ಯಾಂಪಲ್ ಫೇಲಾದಾಗ ನೀವು ಗೋಡೌನ್‌ಗೆ ಕರೆದುಕೊಂಡು ಹೋಗಿ, ಕೆಳಗಿನ ಸಾಲಿನ ಬಾಕ್ಸ್ ಎಲ್ಲಿ ಉಬ್ಬುತ್ತದೆ ಅಂತ ಕೈಯಿಟ್ಟು ತೋರಿಸಿದಿರಿ. ಅವತ್ತಿನಿಂದ ಎಲ್ಲ ಪಾರ್ಟಿಗಳ ಬಾಕ್ಸನ್ನೂ ಹಾಗೇ ಪೇರಿಸಿ ನೋಡಿಯೇ ಕಳಿಸುತ್ತೇವೆ. ಹೊಸ ಜವಾಬ್ದಾರಿಗೆ ಶುಭಾಶಯಗಳು.

ಇನ್ನೊಂದು ಸಣ್ಣ ವಿಷಯ. ಆಗಸ್ಟ್‌ನಲ್ಲಿ ಕೊಟ್ಟ 5 ಪ್ಲೈ ಬಾಕ್ಸ್ ಕೊಟೇಶನ್‌ನಲ್ಲಿ ಜಿಎಸ್‌ಟಿ 12% ಇದೆ, ಈಗ 5%. ಹೊಸದು ಕೊಡಬೇಕು. ಪ್ಯಾಕಿಂಗ್ ಮೆಟೀರಿಯಲ್ ಈಗ ಯಾರು ನೋಡುತ್ತಿದ್ದಾರೆ ಅಂತ ತಿಳಿಸಿದರೆ ಅವರಿಗೇ ಕಳಿಸುತ್ತೇನೆ. ಆ ಐಟಂ ಸದ್ಯಕ್ಕೆ ಬೇಡ ಅಂತಿದ್ದರೆ ಅದನ್ನೂ ಹೇಳಿ ಸರ್, ಬೇಸರವಿಲ್ಲ.”

ಗೋಡೌನ್ ಮಾತನ್ನು ಸುಮ್ಮನೆ ಹಾಕಿಲ್ಲ. ಪ್ರಮೋಷನ್ ಆದ ವಾರ ಅವರಿಗೆ ‘ಕಂಗ್ರಾಟ್ಸ್ ಸರ್’ಗಳ ಸುರಿಮಳೆ. ಎಲ್ಲ ಸಪ್ಲೈಯರ್‌ಗಳೂ ಅದನ್ನೇ ಕಳಿಸಿರುತ್ತಾರೆ, ಜೊತೆಗೆ ಹೂಗುಚ್ಛದ ಚಿತ್ರ ಬೇರೆ. ಗೋಡೌನ್‌ನ ಆ ಮಧ್ಯಾಹ್ನ ನಿಮ್ಮಿಬ್ಬರದು ಮಾತ್ರ. ಅವರು ಏನು ತೋರಿಸಿದರು ಅಂತ ನಿಮ್ಮ ಪತ್ರದಲ್ಲಿಲ್ಲ, ಉಬ್ಬಿದ್ದು ಅನ್ನುವುದು ನನ್ನ ಊಹೆ. ನಿಜವಾಗಿ ಏನಾಯಿತೋ ಅದನ್ನೇ ಬರೆಯಿರಿ. ಪೇರಿಸಿ ನೋಡುವ ಅಭ್ಯಾಸ ನಿಮ್ಮಲ್ಲಿ ಇಲ್ಲದಿದ್ದರೆ ಆ ಸಾಲು ತೆಗೆಯಿರಿ.

ಕೊನೆಯ ‘ಬೇಡ ಅಂತಿದ್ದರೆ’ ಬಗ್ಗೆ ನಿಮಗೆ ಹಿಂಜರಿಕೆ ಆಗಬಹುದು. ಇರಲಿ ಬಿಡಿ. ಇಷ್ಟು ದಿನ ಉತ್ತರ ಕೊಡದವರಿಗೆ ಸ್ವಲ್ಪ ಮುಜುಗರ ಇದ್ದೇ ಇರುತ್ತದೆ. ಇಲ್ಲ ಅನ್ನಲು ದಾರಿ ಕೊಟ್ಟರೆ ಮಾತು ಮತ್ತೆ ಶುರುವಾಗುತ್ತದೆ.

ಬರೆಯಬಾರದ ಮಾತೊಂದಿದೆ: ‘ಈಗ ನೀವೇ ಮೇಲಿದ್ದೀರಿ, ನಿಮ್ಮದೊಂದು ಸೈನ್ ಸಾಕು’. ಹೊಸ ಕುರ್ಚಿಯಲ್ಲಿ ಕೂತವರ ಮೊದಲ ಸಹಿಗಳನ್ನು ಎಲ್ಲರೂ ನೋಡುತ್ತಿರುತ್ತಾರೆ. ಹಳೇ ಪರಿಚಯದವರಿಗೇ ಮೊದಲ ಆರ್ಡರ್ ಹೋಯಿತು ಅಂತಾದರೆ ಅವರಿಗೆ ಕಷ್ಟ. ಕೊಟೇಶನ್ ಲಗತ್ತಿಸುವುದೂ ಬೇಡ.

ಸ್ವೀಟ್ ಬಾಕ್ಸ್ ಅಂತೂ ಬೇಡವೇ ಬೇಡ. ಇದು ಸ್ವಂತ ಅನುಭವ. ಪತ್ರಿಕೆಗೆ ಮೊದಲು ನಾನು ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದೆ. ಒಂದು ಕಂಪನಿಯ ಡೈರಿ ಕೆಲಸ ಹೀಗೇ ನಿಂತಿತ್ತು. ಅಲ್ಲಿನವರಿಗೆ ಪ್ರಮೋಷನ್ ಆಯಿತು ಅಂತ ಎರಡು ಕೆಜಿ ಮೈಸೂರು ಪಾಕ್ ಹಿಡಿದುಕೊಂಡು ಹೋದೆ. ಅದೇ ಚೀಲದಲ್ಲಿ ಹೊಸ ಕೊಟೇಶನ್ ಕವರ್. ಗೇಟಿನಲ್ಲಿ ಸೆಕ್ಯೂರಿಟಿಯವರು ಚೀಲ ಬಿಚ್ಚಿ, ರಿಜಿಸ್ಟರ್‌ನಲ್ಲಿ ‘ಸ್ವೀಟ್ 2 ಕೆಜಿ, ಟೆಂಡರ್ ಕವರ್ 1’ ಅಂತ ಬರೆದುಕೊಂಡು ವಾಪಸ್ ಕೊಟ್ಟರು. ವರ್ಷದ ಮೇಲೆ ಒಂದು ಮದುವೆಯಲ್ಲಿ ಆ ಪ್ರಮೋಷನ್ ಆದವರೇ ಸಿಕ್ಕಿ ನಗುತ್ತಾ ಹೇಳಿದರು: “ಸ್ವಾಮಿ, ಆ ರಿಜಿಸ್ಟರ್ ನೋಡಿದ ಮೇಲೆ ನಿಮ್ಮ ಫೈಲ್ ನಾನು ಮುಟ್ಟೋ ಹಾಗೇ ಇರಲಿಲ್ಲ.” ಮೈಸೂರು ಪಾಕ್ ಪ್ರೆಸ್‌ನ ಹುಡುಗರು ತಿಂದರು.

ಯಾವಾಗ ಕಳಿಸಬೇಕು? ತಡ ಮಾಡಬೇಡಿ. ಹಳೇ ಜಾಗದ ಚಾರ್ಜ್ ಬಿಟ್ಟುಕೊಡುವ ದಿನಗಳಲ್ಲಿ ಬಾಕಿ ಫೈಲ್‌ಗಳ ಪಟ್ಟಿ ತಯಾರಾಗುತ್ತದೆ. ಆಗ ನಿಮ್ಮ ಮೆಸೇಜ್ ಬಂದರೆ ಆ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರುವ ಸಾಧ್ಯತೆ ಇದೆ. ತಿಂಗಳು ಬಿಟ್ಟರೆ ಹೊಸಬರಿಗೆ ನೀವು ಯಾರೋ ಅಪರಿಚಿತರು.

ಈಗ ನಿಮ್ಮ ಕಡೆಯ ಲೆಕ್ಕ. ಇದನ್ನು ಪತ್ರ ಕಳಿಸುವ ಮೊದಲೇ ಮಾಡಿ. ಬಾಕ್ಸ್ ಮೇಲಿನ ತೆರಿಗೆ 5%ಗೆ ಇಳಿದ ದಿನವೇ ನೀವು ಕೊಳ್ಳುವ ಕ್ರಾಫ್ಟ್ ಪೇಪರ್ ಮೇಲಿನದು 12%ನಿಂದ 18%ಗೆ ಏರಿತು. 38 ರೂಪಾಯಿಯ ಬಾಕ್ಸ್‌ನಲ್ಲಿ ಪೇಪರ್ 26 ರೂಪಾಯಿ ಅಂದುಕೊಳ್ಳಿ. ಪೇಪರ್ ಮೇಲೆ ನೀವು ಕಟ್ಟುವ ತೆರಿಗೆ 4 ರೂಪಾಯಿ 68 ಪೈಸೆ. ಬಾಕ್ಸ್ ಮಾರುವಾಗ ಬರುವ ತೆರಿಗೆ 1 ರೂಪಾಯಿ 90 ಪೈಸೆ. ಉಳಿದ 2 ರೂಪಾಯಿ 78 ಪೈಸೆ ನಿಮ್ಮ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. 20,000 ಬಾಕ್ಸ್‌ಗೆ ತಿಂಗಳಿಗೆ 55,600 ರೂಪಾಯಿ. ಅದು ಕಳೆದುಹೋಗುವ ದುಡ್ಡಲ್ಲ, ರೀಫಂಡ್‌ಗೆ ಅರ್ಜಿ ಹಾಕಬಹುದು. ಆದರೆ ಬರುವ ತನಕ ನಿಮ್ಮ ಕೈಯಿಂದಲೇ ಹೋಗಿರುತ್ತದೆ. ಅದರ ಮೇಲೆ 90 ದಿನದ ಕ್ರೆಡಿಟ್ ಬೇರೆ ಅಂದರೆ ಮೂರು ತಿಂಗಳ ಮಾಲು, ಸುಮಾರು 23 ಲಕ್ಷ, ಹೊರಗೆ. ಇಷ್ಟನ್ನು ತಾಳಿಕೊಳ್ಳುವ ಶಕ್ತಿ ನಿಮಗಿದೆಯಾ? ಇಲ್ಲ ಅಂದರೆ 45 ದಿನದ ಮಾತನ್ನು ಬಿಡಬೇಡಿ. ಅದು ನೀವು ಕೇಳುವ ರಿಯಾಯಿತಿಯಲ್ಲ, ಕಾನೂನಿನದೇ ಗಡುವು. ಹಳೇ 38 ರೂಪಾಯಿಯನ್ನೂ ಹಾಗೇ ಮುಂದುವರಿಸಬೇಡಿ, ಇವತ್ತಿನ ಪೇಪರ್ ರೇಟ್ ಹಾಕಿ ಮತ್ತೆ ಲೆಕ್ಕ ಹಾಕಿ.

ಹೆಸರು ಸಿಕ್ಕಿತು ಅಂದುಕೊಳ್ಳೋಣ. ಹೊಸಬರಿಗೆ ಹೋಗುವ ಮೇಲ್‌ನಲ್ಲಿ ಮೂರೇ ವಿಷಯ ಸಾಕು: ಎರಡನೇ ಸ್ಯಾಂಪಲ್ ಪಾಸಾದ ದಿನಾಂಕ ಮತ್ತು ರಿಪೋರ್ಟ್, ಹೊಸ ರೇಟ್, 45 ದಿನ. ‘ದೊಡ್ಡ ಸಾಹೇಬರು ಹೇಳಿದರು’ ಅಂತ ಹಾಕಬೇಡಿ. ‘ನಿಮ್ಮನ್ನು ಸಂಪರ್ಕಿಸಲು ತಿಳಿಸಿದರು’ ಅಂದರೆ ಸಾಕು. ಹಳಬರಿಗೆ ಒಂದು ಕಾಪಿ ಇರಲಿ. ಹೊಸಬರು ವೆಂಡರ್ ರಿಜಿಸ್ಟ್ರೇಷನ್ ಫಾರ್ಮ್ ಕಳಿಸಿದರೆ ಅಥವಾ ಸ್ಯಾಂಪಲ್ ಮತ್ತೆ ಕೇಳಿದರೆ ವ್ಯವಹಾರಕ್ಕೆ ಜೀವ ಇದೆ. ಅಳತೆ, ಪೇಪರ್ ಏನನ್ನೂ ಕೇಳದೆ ‘ಲಾಸ್ಟ್ ಪ್ರೈಸ್ ಕಳಿಸಿ’ ಅಂತಷ್ಟೇ ಅಂದರೆ ಹುಷಾರು. ಮೂರು ಕೊಟೇಶನ್ ತೋರಿಸಲೇಬೇಕಾದ ಕಡೆ ನಿಮ್ಮದು ಮೂರನೆಯದು ಇರಬಹುದು.

ಹಳಬರು ‘ಥ್ಯಾಂಕ್ಯೂ’ ಅಂತಷ್ಟೇ ಬರೆದು ಎರಡನೇ ಪ್ಯಾರಾ ಬಿಟ್ಟುಬಿಟ್ಟರೆ? ಅದು ಇಲ್ಲ ಅಂತಲ್ಲ. ಕೆಲವು ಮಾತನ್ನು ಬರೆದು ಕೊಡಲು ಆಗುವುದಿಲ್ಲ. ಹತ್ತು ದಿನ ಬಿಟ್ಟು ಒಂದೇ ಒಂದು ಫೋನ್ ಮಾಡಿ, ಪೇಮೆಂಟ್ ಟರ್ಮ್ಸ್‌ನಿಂದ ನಿಂತಿದೆಯಾ ಅಂತ ನೇರವಾಗಿ ಕೇಳಿ. ಹೌದು ಅಂದರೆ ನನ್ನ ಅಂದಾಜು ಸರಿ, ಅಲ್ಲ ಅಂದರೆ ನಿಜವಾದ ಕಾರಣವಾದರೂ ಸಿಗುತ್ತದೆ. ಸೋಮವಾರ ಬೆಳಿಗ್ಗೆ ಮಾತ್ರ ಮಾಡಬೇಡಿ, ಹೊಸ ಮುಖ್ಯಸ್ಥರು ಆಗ ಮೀಟಿಂಗ್‌ನಲ್ಲೇ ಇರುತ್ತಾರೆ.