ನಿರೂಪಣೆ ಹೇಳದೆ ಬಿಟ್ಟದ್ದನ್ನು ಪರದೆಯ ಅಕ್ಷರ ಹೇಳಲಿ

ಪ್ರಶ್ನೆ: ಶಂಕರಪುರದ ಮಲ್ಲಿಗೆಯ ಬಗ್ಗೆ ಚಿಕ್ಕ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ನಿರೂಪಕಿ ಹೇಳುವುದನ್ನೇ ಪರದೆಯ ಮೇಲೂ ಬರೆದಂತಾಗುತ್ತಿದೆ. ಏನು ಬರೆಯಬೇಕು, ಏನು ಬಿಡಬೇಕು?

ನಾನು ಉಡುಪಿಯಲ್ಲಿ ಸಾಕ್ಷ್ಯಚಿತ್ರಗಳ ಸಂಕಲನ ಮಾಡುವವನು. ಸಾಮಾನ್ಯವಾಗಿ ಕಣ್ಣು ಓದುವ ವೇಗ ಮಾತಿನ ವೇಗಕ್ಕಿಂತ ಹೆಚ್ಚು. ಆದ್ದರಿಂದ ಅದೇ ವಾಕ್ಯ ಪರದೆಯಲ್ಲಿದ್ದರೆ ನೋಡುಗರು ಅದನ್ನು ಮೊದಲೇ ಓದಿ ಮುಗಿಸಿ, ಉಳಿದ ಹೊತ್ತು ನಿರೂಪಕಿಗಾಗಿ ಕಾಯುತ್ತಾರೆ, ಚಿತ್ರವನ್ನಂತೂ ನೋಡುವುದೇ ಇಲ್ಲ. ಎರಡರ ನಡುವೆ ಒಂದೆರಡು ಪದ ಬೇರೆಯಾಗಿದ್ದರೆ ಇನ್ನೂ ಕಷ್ಟ, ಏಕೆಂದರೆ ಮನಸ್ಸು ಹೋಲಿಸಿ ನೋಡುವುದರಲ್ಲೇ ತೊಡಗಿಬಿಡುತ್ತದೆ.

ನಿಮ್ಮ ವಿಷಯವನ್ನೇ ತೆಗೆದುಕೊಳ್ಳೋಣ. ನಿರೂಪಣೆಯಲ್ಲಿ "ಮದುವೆಯ ಕಾಲ ಬಂದರೆ ಅಟ್ಟೆಯ ದರ ಏರುತ್ತದೆ" ಎಂದಿದೆ ಎಂದುಕೊಳ್ಳಿ. ಅಲ್ಲಿ "ಮದುವೆ ಕಾಲದಲ್ಲಿ ದರ ಏರಿಕೆ" ಎಂದು ಬರೆದರೆ ಹೊಸದೇನೂ ಸಿಗುವುದಿಲ್ಲ. ಆದರೆ ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಕುಳಿತು ನೋಡುವವರಿಗೆ ಅಟ್ಟೆ ಎಂದರೆ ಎಷ್ಟು ಹೂವು ಎಂಬುದು ತಿಳಿದಿರುವುದಿಲ್ಲ. ಅದನ್ನು ಮಾತಿನಲ್ಲಿ ವಿವರಿಸಲು ಹೋದರೆ ದರದ ಕತೆಯ ಓಟ ನಿಂತುಬಿಡುತ್ತದೆ. ಆದ್ದರಿಂದ ನಾನು ಪರದೆಯಲ್ಲಿ ಇಷ್ಟನ್ನೇ ಬರೆಯುತ್ತೇನೆ:

1 ಚೆಂಡು = ಸುಮಾರು 800 ಹೂ
1 ಅಟ್ಟೆ = 4 ಚೆಂಡು

"ಅಟ್ಟೆ" ಎಂಬ ಮಾತು ಕೇಳಿದ ಮೇಲೆಯೇ ಇದು ಮೂಡಬೇಕು. ಮೊದಲೇ ಬಂದರೆ ಏತಕ್ಕೆಂದು ತಿಳಿಯದು. ಆ ವಾಕ್ಯ ಮುಗಿದ ಮೇಲೆ ಎರಡು ಕ್ಷಣ ನಿರೂಪಣೆ ಮೌನವಾಗಿರಲಿ, ಬಾಳೆನಾರಿನಲ್ಲಿ ಹೂ ಕಟ್ಟುವ ಕೈಗಳ ಚಿತ್ರ ಮುಂದುವರಿಯಲಿ. ಅಂಕಿಯನ್ನು ಹೇಳಲೂ ಬೇಕು, ತೋರಿಸಲೂ ಬೇಕು ಎಂದಾದರೆ ಎರಡೂ ಒಂದೇ ಆಗಿರಲಿ. ಬಾಯಲ್ಲಿ "ಮೂರು ಸಾವಿರ" ಎಂದು ಪರದೆಯಲ್ಲಿ "3,200" ಎಂದರೆ ನೋಡುಗರು ಎಡವುತ್ತಾರೆ.

ಮಾತನಾಡುವವರ ಹೆಸರು ತೋರಿಸಲು ಪರದೆಯ ಕೆಳಭಾಗದಲ್ಲಿ ಮೂಡುವ ಪಟ್ಟಿಯನ್ನು, ಅಂದರೆ ನಾವು ಆಸ್ಟನ್ ಎನ್ನುವುದನ್ನು, ಇದೇ ರೀತಿ ನೋಡಿ. ಬೆಳೆಗಾರರ ಹೆಸರು ಆಸ್ಟನ್‌ನಲ್ಲಿ ಬರುವುದಾದರೆ, "ಇವರು ಇಂಥವರು" ಎಂಬ ಸಾಲನ್ನು ನಿರೂಪಣೆಯಿಂದ ತೆಗೆದು, ಅವರ ಮಾತಿಗೆ ನೇರವಾಗಿ ಹೋಗಿ. ಹೆಸರಿನ ಕೆಳಗೆ ಬರಿಯ "ಕೃಷಿಕರು" ಎನ್ನುವ ಬದಲು, ಈ ವಿಷಯದಲ್ಲಿ ಅವರ ಮಾತಿಗೆ ಏಕೆ ಬೆಲೆ ಎಂಬುದನ್ನು ಬರೆಯಿರಿ: "ಮಲ್ಲಿಗೆ ಬೆಳೆಗಾರರು, ಶಂಕರಪುರ". ನೀವು ಗಟ್ಟಿಯಾಗಿ, ಅವಸರವಿಲ್ಲದೆ ಎರಡು ಸಲ ಓದುವಷ್ಟು ಹೊತ್ತು ಅದು ನಿಲ್ಲಬೇಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಬೆಳೆಗಾರರು ತುಳುವಿನಲ್ಲಿ ಮಾತನಾಡಿದರೆ ಕನ್ನಡ ಅಡಿಬರಹ ಬೇಕು, ಆಸ್ಟನ್ ಕೂಡ ಅದೇ ಜಾಗಕ್ಕೆ ಬರುತ್ತದೆ. ಆಸ್ಟನ್ ಇರುವಷ್ಟು ಹೊತ್ತು ಅಡಿಬರಹವನ್ನು ಮೇಲಕ್ಕೆ ಸರಿಸಿ, ಇಲ್ಲವೇ ಅವರು ಮಾತು ಶುರುಮಾಡುವ ಮೊದಲಿನ ದೃಶ್ಯದಲ್ಲೇ ಹೆಸರು ತೋರಿಸಿ. ಪಟ್ಟಿಯ ಎತ್ತರವನ್ನು "ಕೃಷ್ಣ", "ಲಕ್ಷ್ಮೀ" ಇಂಥ ಹೆಸರು ಹಾಕಿ ಪರೀಕ್ಷಿಸಿ; ಒತ್ತಕ್ಷರದ ಬುಡ ಕತ್ತರಿಸಿದ್ದರೆ ಅಲ್ಲೇ ಕಾಣುತ್ತದೆ.

ಕಿವಿ ಕೇಳಿಸದವರಿಗಾಗಿ ಹಾಕುವ ಕ್ಯಾಪ್ಷನ್‌ಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಅವರಿಗೆ ಪ್ರತಿ ಮಾತೂ ಬೇಕು, ಆದ್ದರಿಂದ ಅದನ್ನು ಚಿತ್ರದ ಮೇಲೆ ಅಚ್ಚೊತ್ತದೆ, ಬೇಕಾದವರು ಆನ್ ಮಾಡಿಕೊಳ್ಳುವಂತೆ ಪ್ರತ್ಯೇಕ .srt ಕಡತವಾಗಿ ಕೊಡಿ.