ಹವಾಲ್ದಾರ್ ಅಂತ ಬರೆದರೆ ಸೆಕ್ಯುರಿಟಿ ಕೆಲಸಕ್ಕೇ ಕರೆಯುತ್ತಾರೆ, ರೆಸ್ಯೂಮೆ ಹೇಗೆ ಬರೆಯಲಿ?

"24 ವರ್ಷ ಇನ್‌ಫೆಂಟ್ರಿಯಲ್ಲಿದ್ದೆ. ಮುಂದಿನ ತಿಂಗಳು ಹವಾಲ್ದಾರ್ ಆಗಿ ಪೆನ್ಷನ್ ಬರುತ್ತಿದ್ದೇನೆ. ಕೊನೆಯ ಮೂರು ವರ್ಷ ಸಿಕ್ಯೂಎಂಎಚ್ ಆಗಿದ್ದೆ. ಗೋಡೌನ್, ಸ್ಟೋರ್ ಕಡೆ ಕೆಲಸ ಬೇಕು. ರೆಸ್ಯೂಮೆ ಕಳಿಸಿದ ಕಡೆಯೆಲ್ಲ ಗಾರ್ಡ್ ಕೆಲಸಕ್ಕೇ ಕರೆಯುತ್ತಾರೆ. ಏನು ಮಾಡಲಿ?"

ನನ್ನ ಕಥೆಯೂ ಇದೇ ಆಗಿತ್ತು. ರೆಸ್ಯೂಮೆಯಲ್ಲಿ ಸಿಕ್ಯೂಎಂಎಚ್ ಅನ್ನೋದನ್ನು ಬಿಡಿಸಿ "ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್" ಅಂತ ಬರೆದಿದ್ದೆ. ಫೋನ್ ಮಾಡಿದ ಎಚ್‌ಆರ್ ಹುಡುಗಿ ಕೇಳಿದಳು, "ಯಾವ ಕಂಪನಿ ಸರ್?" ನಾನು "ಚಾರ್ಲಿ ಕಂಪನಿ" ಅಂದೆ. ಆ ಕಂಪನಿಯ ಆಫೀಸ್ ಎಲ್ಲಿದೆ ಅಂತ ಮುಂದಿನ ಪ್ರಶ್ನೆ! ಅವಳದೇನೂ ತಪ್ಪಿಲ್ಲ. ಕ್ವಾರ್ಟರ್ ಅಂದರೆ ಮನೆ, ಮಾಸ್ಟರ್ ಅಂದರೆ ಮೇಷ್ಟ್ರು ಅಂದುಕೊಂಡಿದ್ದಳೋ ಏನೋ.

ರ‍್ಯಾಂಕ್ ಬೇರೆ, ಅಪಾಯಿಂಟ್‌ಮೆಂಟ್ ಬೇರೆ ಅಂತ ನಮಗೆ ಗೊತ್ತು. ಇಬ್ಬರು ಹವಾಲ್ದಾರರಲ್ಲಿ ಒಬ್ಬ ಹತ್ತು ಜನರ ಸೆಕ್ಷನ್ ನೋಡುತ್ತಾನೆ, ಇನ್ನೊಬ್ಬ ಇಡೀ ಕಂಪನಿಯ ಸ್ಟೋರ್ ನೋಡುತ್ತಾನೆ. ಹಾಗಾಗಿ ಹವಾಲ್ದಾರ್ ಅಂದರೆ ಸೂಪರ್‌ವೈಸರ್, ಸುಬೇದಾರ್ ಅಂದರೆ ಮ್ಯಾನೇಜರ್ ಅಂತ ಲೆಕ್ಕ ಹಾಕಲು ಹೋಗಬೇಡಿ. ರ‍್ಯಾಂಕನ್ನು ಒಂದೇ ಸಲ, ಇದ್ದ ಹಾಗೇ ಬರೆಯಿರಿ. ಬಿಡಿಸಿ ಹೇಳಬೇಕಾದ್ದು ಅಪಾಯಿಂಟ್‌ಮೆಂಟನ್ನು.

ನನ್ನ ಮೊದಲ ರೆಸ್ಯೂಮೆಯಲ್ಲಿ ಇದ್ದದ್ದು ಇಷ್ಟೇ: "ಕಂಪನಿಯ ರೇಷನ್, ಬಟ್ಟೆ, ಕೋತ್ ಡ್ಯೂಟಿ ಮಾಡಿದ್ದೇನೆ." ಒಂದು ಸಂಜೆ ಕೂತು ನನಗೆ ನಾನೇ ನಾಲ್ಕು ಪ್ರಶ್ನೆ ಹಾಕಿಕೊಂಡೆ. ಎಷ್ಟು ಜನಕ್ಕೆ ಸಾಮಾನು ಕೊಡುತ್ತಿದ್ದೆ? ಎಷ್ಟು ಬಗೆಯದು? ಯಾರು ಬಂದು ಎಣಿಸುತ್ತಿದ್ದರು? ಕಡಿಮೆ ಬಂದರೆ ಏನಾಗುತ್ತಿತ್ತು? ಆಮೇಲೆ ಅದೇ ಸಾಲು ಹೀಗಾಯಿತು (ನಿಜವಾದದ್ದು ಇಂಗ್ಲಿಷ್‌ನಲ್ಲಿದೆ, ಇಲ್ಲಿ ಅರ್ಥ ಮಾತ್ರ ಹೇಳುತ್ತೇನೆ):

"ಹವಾಲ್ದಾರ್, ಭಾರತೀಯ ಸೇನೆ. ಸ್ಟೋರ್ ಮತ್ತು ಇನ್ವೆಂಟರಿ ಜವಾಬ್ದಾರಿ, 3 ವರ್ಷ. ಸುಮಾರು 110 ಜನರಿಗೆ ಬೇಕಾದ 300ಕ್ಕೂ ಹೆಚ್ಚು ಬಗೆಯ ಸಾಮಾನಿನ ಇಂಡೆಂಟ್, ರಸೀದಿ, ವಿತರಣೆ, ಲೆಡ್ಜರ್. ಕೈಕೆಳಗೆ 4 ಜನ. ಮೂರೂ ವರ್ಷದ ಸ್ಟಾಕ್ ತಪಾಸಣೆಯಲ್ಲಿ ಲೆಕ್ಕಕ್ಕೂ ಸಾಮಾನಿಗೂ ವ್ಯತ್ಯಾಸವಿಲ್ಲ."

ಇದರಲ್ಲಿ ಸುಳ್ಳು ಒಂದೂ ಇಲ್ಲ, ದೊಡ್ಡ ಮಾತೂ ಇಲ್ಲ. ನಿಮ್ಮ ಸಂಖ್ಯೆ ನಿಮ್ಮ ನೆನಪಿನಿಂದಲೇ ಬರಲಿ. ಇಂಟರ್‌ವ್ಯೂನಲ್ಲಿ ಮೊದಲು ಕೆದಕುವುದು ಅದನ್ನೇ.

ಇಂಡೆಂಟ್ ಅನ್ನೋ ಪದ ಎರಡೂ ಕಡೆ ಒಂದೇ, ಅದನ್ನು ಮುಟ್ಟಬೇಡಿ. ಬೋರ್ಡ್ ಬಂದು ಸ್ಟಾಕ್ ಎಣಿಸುವುದಕ್ಕೆ ಇಲ್ಲಿ ಫಿಸಿಕಲ್ ವೆರಿಫಿಕೇಶನ್ ಅನ್ನುತ್ತಾರೆ. ಕಂಡೆಮ್ ಮಾಡುವುದು ಸ್ಕ್ರ್ಯಾಪ್ ಡಿಸ್ಪೋಸಲ್. ಹಳೇ ಟಿನ್ ಮೊದಲು ಕೊಡುತ್ತಿದ್ದೆವಲ್ಲ, ಅದು ಫಿಫೋ. ಇನ್ನು ವಿಂಟರ್ ಸ್ಟಾಕಿಂಗ್ ಮಾಡಿದ್ದೀರಾ? ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ತಿಂಗಳುಗಟ್ಟಲೆಯ ರೇಷನ್, ಸೀಮೆಎಣ್ಣೆ ಮೇಲೆ ಸಾಗಿಸಿದ್ದು? ನಾನು ಅದನ್ನು ಬರೆದೇ ಇರಲಿಲ್ಲ, ಅದರಲ್ಲೇನಿದೆ ಅಂತ. ಆದರೆ ನೆಲಮಂಗಲದ ಗೋಡೌನ್‌ನಲ್ಲಿ ನನ್ನನ್ನು ತೆಗೆದುಕೊಂಡವರು ಅರ್ಧ ಗಂಟೆ ಕೇಳಿದ್ದು ಅದೊಂದನ್ನೇ. ಹಬ್ಬದ ಸೀಸನ್‌ಗೆ ಮೊದಲೇ ಸರಕು ತುಂಬಿಸುವುದು ಅವರ ದೊಡ್ಡ ತಲೆನೋವು.

ಎಲ್ಲಿ ಸಾಗಿಸಿದ್ದು ಅಂತ ಮಾತ್ರ ಬರೆಯಬೇಡಿ. "ಎತ್ತರದ ಪ್ರದೇಶ" ಅಂದರೆ ಸಾಕು. ಪೋಸ್ಟಿನ ಹೆಸರು, ಕೋತ್‌ನಲ್ಲಿ ಯಾವ ಹತ್ಯಾರ ಎಷ್ಟಿತ್ತು, ಯೂನಿಟ್ ಎಲ್ಲಿಂದ ಎಲ್ಲಿಗೆ ಹೋಯಿತು, ಇದ್ಯಾವುದೂ ಬೇಡ. ಜಾಬ್ ಸೈಟಿಗೆ ಹಾಕಿದ ರೆಸ್ಯೂಮೆ ಯಾರ ಕೈಗೆ ಬೇಕಾದರೂ ಹೋಗುತ್ತದೆ. ಮೆಡಲ್‌ಗಳಿಗೆ ಕೊನೆಯಲ್ಲಿ ಒಂದು ಸಾಲು ಸಾಕು. ಫೈರಿಂಗ್, ಪಿಟಿ ಕೋರ್ಸ್‌ಗಳನ್ನು ಬಿಟ್ಟುಬಿಡಿ. ಬೇಜಾರಾಗುತ್ತೆ, ಗೊತ್ತು. ಆದರೆ ನಿಮ್ಮನ್ನು ಗಾರ್ಡ್ ಕೆಲಸದ ಕಡೆಗೆ ತಳ್ಳುವುದು ಅವೇ. "ರಿಟೈರ್ಡ್" ಅನ್ನೋ ಪದವೂ ಬೇಡ. ಎಚ್‌ಆರ್ ಕಣ್ಣಿಗೆ ಅದು ಅರವತ್ತು ವಯಸ್ಸಿನವರ ಹಾಗೆ ಕಾಣುತ್ತದೆ, ನಿಮಗಿನ್ನೂ ನಲವತ್ತರ ಆಸುಪಾಸು ಅಲ್ವಾ? "ಸೇವೆ ಪೂರ್ಣ" ಅಂತ ಬರೆದು ವರ್ಷ ಹಾಕಿ.

ಎಕ್ಸೆಲ್ ಬರುತ್ತೆ ಅಂತ ಸುಮ್ನೆ ಬರೆಯಬೇಡಿ. ನನ್ನ ಮುಂದೆ ಲ್ಯಾಪ್‌ಟಾಪ್ ಇಟ್ಟು `VLOOKUP` ಹಾಕಿ ತೋರಿಸಿ ಅಂದರು. ಬರಲಿಲ್ಲ. ಆ ಕೆಲಸವೂ ಬರಲಿಲ್ಲ. ಒಂದು ತಿಂಗಳು ಕೂತು ಕಲಿತು ಆಮೇಲೆ ಬರೆದೆ.

ಇನ್ನೊಂದು ವಿಷಯ. ಹವಾಲ್ದಾರ್ ತೆಗೆದು "ಇನ್ವೆಂಟರಿ ಮ್ಯಾನೇಜರ್" ಅಂತ ಹುದ್ದೆ ಹಾಕಿಕೊಳ್ಳಿ ಅಂತ ಕೆಲವರು ಹೇಳುತ್ತಾರೆ. ಹಾಕಬೇಡಿ. ಆಫರ್ ಕೊಟ್ಟ ಮೇಲೆ ಬ್ಯಾಕ್‌ಗ್ರೌಂಡ್ ಚೆಕ್ ಮಾಡುವವರು ಡಿಸ್ಚಾರ್ಜ್ ಬುಕ್ ಕೇಳುತ್ತಾರೆ. ಅದರಲ್ಲಿರುವ ರ‍್ಯಾಂಕು, ಸೇರಿದ ತಾರೀಕು, ಬಿಟ್ಟ ತಾರೀಕು ರೆಸ್ಯೂಮೆಗೆ ಹೊಂದಬೇಕು. ನನ್ನ ಜೊತೆಯವನೊಬ್ಬನ ಆಫರ್ ಇದೇ ಕಾರಣಕ್ಕೆ ಎರಡು ತಿಂಗಳು ನಿಂತುಹೋಗಿತ್ತು.